ಗಾಢ ಮೇಕಪ್ ಇರುವ ಫೋಟೊವನ್ನು ಬರಿ ಮುಖದ ನೋಟಕ್ಕೆ ತರುವುದು ಹೇಗೆ: ಹಂತ ಹಂತವಾಗಿ

ಮೇಕಪ್ ತೆಗೆದಿದ್ದೇನೆ ಎಂದು ಹೊಸಬರು ತಂದು ತೋರಿಸುವ ಫೋಟೊಗಳಲ್ಲಿ ಮತ್ತೆ ಮತ್ತೆ ಕಾಣುವುದು ಮೂರು ಬಗೆಯ ಮುಖಗಳು. ತುಟಿ ಬೂದಿ ಬಣ್ಣಕ್ಕೆ ತಿರುಗಿದ ಮುಖ, ಕೆನ್ನೆ ಮೇಣ ಹಚ್ಚಿದಂತೆ ನುಣುಪಾದ ಮುಖ, ರೆಪ್ಪೆಯ ಗೆರೆ ಅಳಿಸಿಹೋಗಿ ಕಾಯಿಲೆ ಬಿದ್ದವರಂತೆ ಕಾಣುವ ಮುಖ. ಮೂರಕ್ಕೂ ಮೂಲ ಒಂದೇ. ಎಲ್ಲರೂ ಬಣ್ಣವನ್ನು ಕಡಿಮೆ ಮಾಡಲು ಹೊರಡುತ್ತಾರೆ. ಬರಿ ಮುಖದಲ್ಲಿ ಬಣ್ಣ ಕಡಿಮೆ ಇರುವುದಿಲ್ಲ, ಏರುಪೇರು ಜಾಸ್ತಿ ಇರುತ್ತದೆ. ಮೂಗಿನ ಪಕ್ಕ ಕೆಂಪು, ಬಾಯಿಯ ಸುತ್ತ ಸ್ವಲ್ಪ ಕಪ್ಪು, ಹಣೆ ಒಂದು ಬಣ್ಣ, ಕೆನ್ನೆ ಇನ್ನೊಂದು. ಮೇಕಪ್ ಮಾಡಿದ ಕೆಲಸ ಆ ಏರುಪೇರನ್ನು ಮುಚ್ಚುವುದು. ನಮ್ಮ ಕೆಲಸ ಅದನ್ನು ವಾಪಸ್ ತರುವುದು.

ಉದಾಹರಣೆಗೆ ಒಂದೇ ಫೋಟೊ ಇಟ್ಟುಕೊಂಡು ಹೇಳುತ್ತೇನೆ. ನಡುವಯಸ್ಸಿನ ಹೆಂಗಸೊಬ್ಬರ ಚಿತ್ರ, ಅವರೇ ಕೇಳಿ ಮಾಡಿಸಿಕೊಂಡದ್ದು. ಚಿತ್ರದ ಎಡಗಡೆಯಿಂದ ಒಂದು ದೊಡ್ಡ ಬೆಳಕು. ಗೋಧಿ ಬಣ್ಣದ ಚರ್ಮದ ಮೇಲೆ ಅದಕ್ಕಿಂತ ತಿಳಿಯಾದ ಫೌಂಡೇಶನ್, ಮರೂನ್ ಮ್ಯಾಟ್ ಲಿಪ್‌ಸ್ಟಿಕ್, ಕಂದು ಐಶ್ಯಾಡೋ, ಬಾಲ ಎಳೆದ ಐಲೈನರ್, ಕೆಳರೆಪ್ಪೆಯ ಅಂಚಿಗೆ ಕಾಡಿಗೆ. ಫೈಲಿನಲ್ಲಿ ಮುಖದ ಅಗಲ ಸುಮಾರು 1800 ಪಿಕ್ಸೆಲ್. ನಿಮ್ಮ ಫೋಟೊದಲ್ಲಿ ಮುಖ ಇದರ ಅರ್ಧದಷ್ಟಿದ್ದರೆ ಮುಂದೆ ಹೇಳುವ ಪಿಕ್ಸೆಲ್ ಲೆಕ್ಕವನ್ನೂ ಅರ್ಧಕ್ಕೆ ಇಳಿಸಿಕೊಳ್ಳಿ.

## ಶುರು ಮಾಡುವ ಮೊದಲು

ಫೋಟೊಶಾಪ್ ಅಥವಾ ಲೇಯರ್, ಮಾಸ್ಕ್ ಎರಡೂ ಇರುವ ಬೇರೆ ಯಾವುದಾದರೂ ಎಡಿಟರ್ ಬೇಕು. ಒತ್ತಡಕ್ಕೆ ಸ್ಪಂದಿಸುವ ಪೆನ್ ಟ್ಯಾಬ್ಲೆಟ್ ಇದ್ದರೆ ಕಣ್ಣಿನ ಕೆಲಸ ಹಗುರಾಗುತ್ತದೆ. ಮೌಸ್‌ನಲ್ಲೂ ಆಗುತ್ತದೆ, ಸಮಯ ಹೆಚ್ಚು ಹಿಡಿಯುತ್ತದೆ.

ಇವೆರಡಕ್ಕಿಂತ ಮುಖ್ಯವಾದದ್ದು ಅದೇ ವ್ಯಕ್ತಿಯ ಮೇಕಪ್ ಇಲ್ಲದ ಒಂದು ಫೋಟೊ. ಮೊಬೈಲಿನಲ್ಲಿ ತೆಗೆದದ್ದಾದರೂ ಸರಿ, ಕಿಟಕಿಯ ಬೆಳಕಿನಲ್ಲಿದ್ದರೆ ಸಾಕು. ಫೌಂಡೇಶನ್ ಕೆಳಗೆ ಮಚ್ಚೆ ಇದೆಯೇ, ತುಟಿಯ ನಿಜವಾದ ಅಂಚು ಎಲ್ಲಿದೆ ಎಂಬುದನ್ನು ಮೇಕಪ್ ಹಾಕಿದ ಚಿತ್ರ ನಮಗೆ ಹೇಳುವುದಿಲ್ಲ. ಅಂಥ ಫೋಟೊ ಸಿಗದಿದ್ದರೆ ನಾವು ಮಾಡುವುದು ಅಂದಾಜು. ಆಗ ಎಲ್ಲರ ಮುಖದಲ್ಲೂ ಇರುವ ಬಣ್ಣದ ವ್ಯತ್ಯಾಸಗಳನ್ನು ಮಾತ್ರ ಸೇರಿಸಿ. ಮೊಡವೆ, ಕಲೆ, ಮಚ್ಚೆಗಳನ್ನು ನಮ್ಮ ಕಲ್ಪನೆಯಿಂದ ಇಡಬಾರದು. ಅದು ಆ ವ್ಯಕ್ತಿಯ ಮುಖವಲ್ಲ.

ಕೆಲಸದ ಅನುಕ್ರಮ ಹೀಗಿರಲಿ: ಚರ್ಮದ ಬಣ್ಣ, ಆಮೇಲೆ ನೆರಳು ಬೆಳಕು, ತುಟಿ, ಕಣ್ಣು, ಕೊನೆಗೆ ಚರ್ಮದ ರಂಧ್ರಗಳು. ರಂಧ್ರ ಮೊದಲು ಬಿಡಿಸಿ ಬಣ್ಣ ಆಮೇಲೆ ಬದಲಿಸಿದರೆ, ಒಂದು ಕಡೆ ಬೆಳಗಿಸಿದಾಗ ಅಲ್ಲಿನ ರಂಧ್ರ ಮಾಸುತ್ತದೆ, ಇನ್ನೊಂದು ಕಡೆ ಕಪ್ಪಾಗಿಸಿದಾಗ ಎದ್ದು ಕಾಣುತ್ತದೆ. ಎರಡು ಸಲ ಕೆಲಸ.

## ಹಂತ 1: ಬಣ್ಣವನ್ನೂ ಚರ್ಮದ ಕಣವನ್ನೂ ಬೇರೆ ಮಾಡಿ

ಮೂಲ ಲೇಯರ್ ಅನ್ನು ಎರಡು ಸಲ ನಕಲು ಮಾಡಿ. ಕೆಳಗಿನದಕ್ಕೆ "ಬಣ್ಣ", ಮೇಲಿನದಕ್ಕೆ "ಕಣ" ಎಂದು ಹೆಸರಿಡಿ. ಕಣ ಎಂದರೆ ಚರ್ಮದ ರಂಧ್ರ, ಗೆರೆಗಳ ನವಿರು. "ಕಣ" ಲೇಯರಿನ ಕಣ್ಣಿನ ಗುರುತು ಆಫ್ ಮಾಡಿ, "ಬಣ್ಣ" ಲೇಯರಿಗೆ Gaussian Blur ಕೊಡಿ. 1800 ಪಿಕ್ಸೆಲ್ ಮುಖಕ್ಕೆ 8 ಪಿಕ್ಸೆಲ್ ಆಸುಪಾಸು. ಸ್ಲೈಡರನ್ನು ಸೊನ್ನೆಯಿಂದ ನಿಧಾನಕ್ಕೆ ಏರಿಸಿ, ರಂಧ್ರಗಳು ಮಾಯವಾದ ಕ್ಷಣಕ್ಕೆ ನಿಲ್ಲಿಸಿ. ಮೂಗಿನ ಆಕಾರವೇ ಕರಗತೊಡಗಿದರೆ ಹೆಚ್ಚಾಯಿತು ಎಂದರ್ಥ.

ಈಗ "ಕಣ" ಲೇಯರ್ ಆನ್ ಮಾಡಿ, ಅದರ ಮೇಲೆ ನಿಂತು Image ಮೆನುವಿನ Apply Image ತೆರೆಯಿರಿ. 16 ಬಿಟ್ ಫೈಲಿಗೂ 8 ಬಿಟ್ ಫೈಲಿಗೂ ಇಲ್ಲಿ ಅಂಕಿಗಳು ಬೇರೆ:

```
16 bit: Layer = ಬಣ್ಣ, Invert ಟಿಕ್, Blending = Add, Scale 2, Offset 0
8 bit:  Layer = ಬಣ್ಣ, Blending = Subtract, Scale 2, Offset 128
```

ಚಿತ್ರ ಬೂದು ಬಣ್ಣದ ಉಬ್ಬು ಕೆತ್ತನೆಯಂತಾಗುತ್ತದೆ. ಈ ಲೇಯರಿನ ಬ್ಲೆಂಡ್ ಮೋಡ್ Linear Light ಮಾಡಿ. ಮುಖ ಮೊದಲಿನಂತೆಯೇ ಕಾಣಬೇಕು. ಎರಡೂ ಲೇಯರನ್ನು ಒಂದು ಗ್ರೂಪಿಗೆ ಹಾಕಿ ಗ್ರೂಪನ್ನು ಆನ್ ಆಫ್ ಮಾಡಿ ನೋಡಿ. ಒಂದಿಷ್ಟೂ ವ್ಯತ್ಯಾಸ ಕಾಣಬಾರದು. ಕಂಡರೆ Apply Image ನಲ್ಲಿ ತಪ್ಪು ಲೇಯರ್ ಆರಿಸಿದ್ದೀರಿ ಅಥವಾ ಬಿಟ್ ಲೆಕ್ಕ ತಪ್ಪಿದೆ. ಮುಂದೆ ಹೋಗಬೇಡಿ, ಮೊದಲಿನಿಂದ ಮಾಡಿ.

ಇನ್ನು ಮೇಲೆ ಬಣ್ಣದ ತಿದ್ದುಪಡಿಗಳೆಲ್ಲ ಈ ಎರಡು ಲೇಯರುಗಳ ನಡುವೆ ಬರುತ್ತವೆ. ಹಾಗಾಗಿ ಚರ್ಮದ ಕಣಕ್ಕೆ ಧಕ್ಕೆ ಇಲ್ಲ.

## ಹಂತ 2: ಫೌಂಡೇಶನ್ ಕೆಳಗಿನ ಬಣ್ಣ ಹುಡುಕಿ

ಮುಖದ ನಿಜವಾದ ಬಣ್ಣ ಕುತ್ತಿಗೆಯಲ್ಲಿ ಸಿಗುತ್ತದೆ. ಐಡ್ರಾಪರ್ ಸ್ಯಾಂಪಲ್ ಗಾತ್ರವನ್ನು 31 by 31 Average ಗೆ ಇಟ್ಟು ಕುತ್ತಿಗೆಯ ಬೆಳಕಿರುವ ಭಾಗ ಒತ್ತಿ, HSB ಅಂಕಿ ಓದಿ: H ಎಂದರೆ ಯಾವ ಬಣ್ಣ, S ಎಂದರೆ ಅದು ಎಷ್ಟು ಗಾಢ, B ಎಂದರೆ ಎಷ್ಟು ಬೆಳಕು. ಕಿವಿಯನ್ನು ನಂಬಬೇಡಿ, ಅಲ್ಲಿ ರಕ್ತದ ಕೆಂಪು ಹೆಚ್ಚು. ಕುತ್ತಿಗೆಗೂ ಫೌಂಡೇಶನ್ ಬಳಿದಿದ್ದರೆ ಎದೆಯ ಮೇಲ್ಭಾಗ ಅಥವಾ ಕೈ ನೋಡಿ.

ನಮ್ಮ ಫೋಟೊದಲ್ಲಿ ಕುತ್ತಿಗೆ H 22, S 46, B 60 ಬಂತು. ಕೆನ್ನೆ H 17, S 30, B 84. ಎಂದರೆ ಫೌಂಡೇಶನ್ ಗುಲಾಬಿಯ ಕಡೆಗೆ ವಾಲಿದೆ, ಬಣ್ಣ ತೆಳುವಾಗಿದೆ, ತಿಳಿಯೂ ಆಗಿದೆ. ಹಾಗೆಂದು ಕುತ್ತಿಗೆಯ ಅಂಕಿಯನ್ನು ಹಾಗೇ ಕೆನ್ನೆಗೆ ತರಬಾರದು. ಕುತ್ತಿಗೆ ಗಲ್ಲದ ನೆರಳಿನಲ್ಲಿದೆ, ಅದರ B ಯಾವಾಗಲೂ ಕಡಿಮೆ, S ಸ್ವಲ್ಪ ಹೆಚ್ಚು. H ಅನ್ನು ಮಾತ್ರ ನಂಬಿ, ಉಳಿದೆರಡನ್ನು ನಡುವೆ ಎಲ್ಲೋ ನಿಲ್ಲಿಸಿ. ನಾನು H 21, S 41, B 75 ಗುರಿ ಇಟ್ಟುಕೊಂಡೆ.

ಮೊದಲು Curves ಲೇಯರಿನಿಂದ ಮುಖದ ಬೆಳಕನ್ನು ಸ್ವಲ್ಪ ಇಳಿಸಿ. ಆಮೇಲೆ Hue/Saturation ನಲ್ಲಿ Hue ಅನ್ನು +4 ಮಾಡಿ, Saturation ಅನ್ನು ಐಡ್ರಾಪರ್ 41 ತೋರಿಸುವವರೆಗೆ ಏರಿಸಿ. ಎರಡಕ್ಕೂ ಒಂದೇ ಮಾಸ್ಕ್: ಮುಖದ ಚರ್ಮ ಬಿಳಿ, ಉಳಿದ ಕಣ್ಣು, ತುಟಿ, ಹುಬ್ಬು, ಕೂದಲು ಕಪ್ಪು. ದವಡೆಯ ಅಂಚಿನಲ್ಲಿ ಮಾಸ್ಕ್ ಮೃದುವಾಗಿ ಕರಗಲಿ. ಮುಖಕ್ಕೂ ಕುತ್ತಿಗೆಗೂ ನಡುವೆ ಗೆರೆ ಎಳೆದಂತೆ ಕಂಡರೆ ಬಣ್ಣ ಇನ್ನೂ ಹೊಂದಿಲ್ಲ.

ಇಷ್ಟಾದ ಮೇಲೆ ಮುಖ ಒಂದೇ ಬಣ್ಣದ ಗೋಡೆಯಂತೆ ಕಾಣುತ್ತದೆ. ಹೆದರಬೇಡಿ, ಏರುಪೇರು ತರುವ ಸಮಯ ಈಗ. ಹೊಸ ಖಾಲಿ ಲೇಯರ್, ಮೋಡ್ Color, ದೊಡ್ಡ ಮೆದು ಬ್ರಷ್, Flow 3ರಿಂದ 5. ಮೂಗಿನ ಹೊಳ್ಳೆಗಳ ಪಕ್ಕ, ಮೂಗಿನ ತುದಿ, ಕೆನ್ನೆಯ ಮಧ್ಯಕ್ಕೆ ಚರ್ಮಕ್ಕಿಂತ ಕೆಂಪಾದ ಬಣ್ಣ, H 12 ಆಸುಪಾಸು. ಹಣೆಗೆ ತುಸು ಹಳದಿ, H 25. ಬಾಯಿಯ ಸುತ್ತ ಮತ್ತು ಕಣ್ಣಿನ ಕೆಳಗೆ ಬಣ್ಣ ಬದಲಿಸಿದರೆ ಸಾಲದು, ಅಲ್ಲಿ ಚರ್ಮ ಸ್ವಲ್ಪ ಕಪ್ಪೂ ಇರುತ್ತದೆ. ಅದಕ್ಕೆ ಬೇರೆ Curves ಲೇಯರ್ ಮಾಡಿ, ಮಾಸ್ಕ್ ಪೂರ್ತಿ ಕಪ್ಪು ಮಾಡಿ, ಬೇಕಾದಲ್ಲಿ ಬಿಳಿ ಬ್ರಷ್ ಮುಟ್ಟಿಸಿ. ಒಂದು ಬ್ರಷ್ ಗೀಟು ಕಣ್ಣಿಗೆ ಬೀಳುವಂತಿದ್ದರೆ ಅದು ಜಾಸ್ತಿಯಾಯಿತು.

## ಹಂತ 3: ಬರೆದ ನೆರಳು ಅಳಿಸಿ, ಇದ್ದ ನೆರಳು ಉಳಿಸಿ

ಕೆನ್ನೆಮೂಳೆಯ ಕೆಳಗಿನ ಕಪ್ಪು ಪಟ್ಟಿ ಕಾಂಟೂರಿಂಗ್‌ನದೋ ನಿಜವಾದ ನೆರಳೋ? ಇಲ್ಲಿ ಎಡವುವವರು ಬಹಳ. ತಿಳಿಯುವ ದಾರಿ ಸುಲಭ. ಬೆಳಕು ಒಂದು ಕಡೆಯಿಂದ ಬಂದಾಗ ನಿಜವಾದ ನೆರಳು ಎರಡು ಕೆನ್ನೆಯಲ್ಲಿ ಒಂದೇ ಸಮ ಇರಲಾರದು. ಕಾಂಟೂರನ್ನು ಮಾತ್ರ ಎರಡೂ ಕಡೆ ಒಂದೇ ಅಳತೆಗೆ ಹಚ್ಚಿರುತ್ತಾರೆ. ನಮ್ಮ ಫೋಟೊದಲ್ಲಿ ಎಡಗಡೆಯಿಂದ ಬೆಳಕು ಬಿದ್ದರೂ ಬೆಳಕಿನ ಕಡೆಯ ಕೆನ್ನೆಯಲ್ಲೇ ಗಾಢ ಪಟ್ಟಿ ಇತ್ತು. ಅದು ಬಣ್ಣ. ಅದನ್ನು ಬಹುಪಾಲು ತೆಗೆಯಬಹುದು. ಇನ್ನೊಂದು ಕೆನ್ನೆಯಲ್ಲಿ ಅರ್ಧ ಮಾತ್ರ ತಗ್ಗಿಸಿದೆ, ಉಳಿದರ್ಧ ಮೂಳೆಯದೇ ನೆರಳು.

ಇದಕ್ಕೂ Curves ಮತ್ತು ಕಪ್ಪು ಮಾಸ್ಕ್ ಸಾಕು. ಮೂಗಿನ ಎರಡೂ ಪಕ್ಕದ ಗೆರೆಗಳಿಗೂ ಇದೇ ಪರೀಕ್ಷೆ, ಇದೇ ಮದ್ದು.

ಹೈಲೈಟರ್ ಹಚ್ಚಿದ ಜಾಗದಲ್ಲಿ ಎರಡು ತೊಂದರೆ ಇರುತ್ತವೆ: ಹೊಳಪಿನ ಹರಡು "ಬಣ್ಣ"ದ ಕಡೆ, ಮಿನುಗುವ ಚುಕ್ಕಿಗಳು "ಕಣ" ಲೇಯರಿನಲ್ಲಿ. ಹರಡನ್ನು Curves ಇಳಿಸುತ್ತದೆ. ಚುಕ್ಕಿಗಳನ್ನು "ಕಣ" ಲೇಯರಿನಲ್ಲೇ ಕ್ಲೋನ್ ಸ್ಟ್ಯಾಂಪಿನಿಂದ ಪಕ್ಕದ ಚರ್ಮ ತಂದು ಮುಚ್ಚಿ. ಕ್ಲೋನ್ ಟೂಲಿನ ಮೇಲಿನ ಪಟ್ಟಿಯಲ್ಲಿ Sample: Current Layer ಇರಬೇಕು. All Layers ಇದ್ದರೆ ಬೂದು ಲೇಯರಿನೊಳಗೆ ಚರ್ಮದ ಬಣ್ಣ ಬಂದು ಕೂರುತ್ತದೆ, ಆ ಜಾಗ ವಿಚಿತ್ರವಾಗಿ ಹೊಳೆಯುತ್ತದೆ.

ಪೌಡರ್ ಮುಖದ ಸಹಜ ಹೊಳಪನ್ನೂ ಕೊಂದಿರುತ್ತದೆ. ಹಣೆಯ ಮಧ್ಯ, ಮೂಗಿನ ದಂಡೆ, ಗಲ್ಲದ ಮೇಲೆ ಬೆಳಕು ಬೀಳುವ ಕಡೆ ಒಂದು ಎಳೆಯಷ್ಟು ಬೆಳಗಿಸಿ. ಬರಿ ಚರ್ಮ ಪೂರ್ತಿ ಮಂಕಾಗಿರುವುದಿಲ್ಲ.

## ಹಂತ 4: ತುಟಿ

ಮರೂನ್ ಲಿಪ್‌ಸ್ಟಿಕ್ ಕಂಡೊಡನೆ Saturation ಇಳಿಸುವುದು ಎಲ್ಲರ ಮೊದಲ ಕೆಲಸ. ತುಟಿ ಬೂದಿಯಾಗುವುದು ಅದರಿಂದಲೇ. ಲಿಪ್‌ಸ್ಟಿಕ್ ತುಟಿಯ ಬಣ್ಣ ಬದಲಿಸುವುದರ ಜೊತೆಗೆ ಅದನ್ನು ಕಪ್ಪಾಗಿಸಿದೆ. ಬಣ್ಣ ತೆಗೆದರೂ ಕಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲು ಬೆಳಕು, ಆಮೇಲೆ ಬಣ್ಣ.

ತುಟಿಗೆ ಮಾಸ್ಕ್ ಮಾಡಿ, ಅಂಚನ್ನು 3 ಪಿಕ್ಸೆಲ್ ಮೆದುವಾಗಿಸಿ. ನಮ್ಮ ಫೋಟೊದಲ್ಲಿ ಲಿಪ್‌ಸ್ಟಿಕ್ H 350, S 70, B 42. Curves ನಲ್ಲಿ ಮಧ್ಯ ಬಿಂದು ಎತ್ತಿ B ಅನ್ನು 56ರ ಹತ್ತಿರ ತಂದೆ. ತುಟಿ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗೇ ಇರಲಿ, ಸಮಕ್ಕೆ ತಂದರೆ ಬಾಯಿಯೇ ಮಾಯವಾದಂತೆ ಕಾಣುತ್ತದೆ.

ಈಗ Solid Color ಲೇಯರ್, ಮೋಡ್ Color, ಅದೇ ಮಾಸ್ಕ್. ಯಾವ ಬಣ್ಣ? ಮೇಕಪ್ ಇಲ್ಲದ ಫೋಟೊ ಇದ್ದರೆ ಅದರಿಂದ ಎತ್ತಿ. ಇಲ್ಲದಿದ್ದರೆ ಚರ್ಮದ H ಮತ್ತು ಶುದ್ಧ ಕೆಂಪಿನ ಸೊನ್ನೆ, ಇವೆರಡರ ನಡುವೆ ನಿಲ್ಲಿ. ಚರ್ಮ 21 ಇದ್ದಾಗ ತುಟಿಗೆ 10ರಿಂದ 12 ಹೊಂದುತ್ತದೆ. S ಚರ್ಮಕ್ಕಿಂತ ನಾಲ್ಕೈದು ಅಂಕಿ ಹೆಚ್ಚು. ಲೇಯರಿನ Opacity 75 ಆಸುಪಾಸಿಗೆ ಇಳಿಸಿ.

ಇಲ್ಲಿಗೆ ನಿಲ್ಲಿಸಿದರೆ ತುಟಿಗೆ ನ್ಯೂಡ್ ಲಿಪ್‌ಸ್ಟಿಕ್ ಹಚ್ಚಿದಂತಿರುತ್ತದೆ, ಬರಿ ತುಟಿಯಂತಲ್ಲ. ಬರಿ ತುಟಿಯನ್ನು ಹತ್ತಿರದಿಂದ ನೋಡಿ. ಮೇಲ್ದುಟಿ ಕೆಳದುಟಿಗಿಂತ ಕಪ್ಪು. ಬಾಯಿಯ ಮೂಲೆಗಳಿಗೆ ಹೋದಂತೆ ಕಂದು ಹೆಚ್ಚುತ್ತದೆ. ಎರಡು ತುಟಿ ಸೇರುವ ಒಳಗಡೆ ಗುಲಾಬಿ. ಗೋಧಿ ಮತ್ತು ಕಪ್ಪು ಮೈಬಣ್ಣದವರಲ್ಲಿ ಹೊರ ಅಂಚಿನ ಸುತ್ತ ಕಂದು ಎಳೆ ಇರುವುದುಂಟು. ಈ ನಾಲ್ಕನ್ನೂ ಹಂತ 2ರ ಹಾಗೆಯೇ ಕಡಿಮೆ Flow ಬ್ರಷ್‌ನಿಂದ ಸೇರಿಸಿ. ನನಗೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಐದು ನಿಮಿಷ ಇದು.

ಅಂಚಿನ ವಿಷಯ ಒಂದಿದೆ. ಲಿಪ್ ಲೈನರ್ ಅನ್ನು ತುಟಿಯ ಹೊರಗೆ ಎಳೆದಿದ್ದರೆ ತುಟಿ ಇದ್ದದ್ದಕ್ಕಿಂತ ದಪ್ಪ ಕಾಣುತ್ತದೆ. ನಿಜವಾದ ಅಂಚಿನ ಗುರುತು "ಕಣ" ಲೇಯರಿನಲ್ಲಿ ಸಿಗುತ್ತದೆ. ತುಟಿಯ ಲಂಬ ಗೆರೆಗಳು ಎಲ್ಲಿ ನಿಲ್ಲುತ್ತವೋ ಅಲ್ಲಿ ತುಟಿ ಮುಗಿಯಿತು. ಅದರ ಹೊರಗಿನ ಬಣ್ಣಕ್ಕೆ ತುಟಿಯ ಬಣ್ಣವನ್ನಲ್ಲ, ಚರ್ಮದ ಬಣ್ಣವನ್ನು ಕೊಡಿ. ಮೇಲ್ದುಟಿಯ ಅಂಚಿನಲ್ಲಿ ತೆಳ್ಳಗೆ ಬೆಳಕಿನ ಏಣು ಕಂಡರೆ ಅಳಿಸಬೇಡಿ, ಅದು ಅಲ್ಲಿ ಹುಟ್ಟಿನಿಂದ ಇರುವಂಥದ್ದು.

## ಹಂತ 5: ಕಣ್ಣು

ಕ್ರಮ: ಐಶ್ಯಾಡೋ, ಐಲೈನರ್, ಕಾಡಿಗೆ, ರೆಪ್ಪೆ.

ಐಶ್ಯಾಡೋಗೆ ತುಟಿಯ ಉಪಾಯವೇ. ಮೊದಲು Curves ನಿಂದ ಬೆಳಕು ಏರಿಸಿ, ಆಮೇಲೆ Color ಮೋಡ್‌ನಲ್ಲಿ ಬಣ್ಣ. ಆದರೆ ಕಣ್ಣಿನ ಮೇಲಿನ ಚರ್ಮವನ್ನು ಕೆನ್ನೆಯ ಬಣ್ಣಕ್ಕೇ ತಂದುಬಿಡಬೇಡಿ. ಅಲ್ಲಿ ಚರ್ಮ ತೀರಾ ತೆಳು, ಕೆಳಗಿನ ರಕ್ತನಾಳದ ಬಣ್ಣ ಹಾಯುತ್ತದೆ, ಅದರಿಂದ ಕೆನ್ನೆಗಿಂತ ಕಪ್ಪಾಗೂ ತುಸು ಕೆಂಪುಕಂದಾಗೂ ಕಾಣುತ್ತದೆ. ರೆಪ್ಪೆಯ ಮಡಿಕೆಯ ಗೆರೆ ಇರಲೇಬೇಕು.

ಐಲೈನರಿನ ಬಾಲ ಸುಲಭ. ಅದು ಕಪ್ಪು ಗಟ್ಟಿ ಗೆರೆಯಾದ್ದರಿಂದ ಎರಡೂ ಲೇಯರಿನಲ್ಲಿ ಕುಳಿತಿರುತ್ತದೆ. ಎಲ್ಲಕ್ಕೂ ಮೇಲೆ ಒಂದು ಖಾಲಿ ಲೇಯರ್ ಇಟ್ಟು, ಕ್ಲೋನ್ ಸ್ಟ್ಯಾಂಪಿನ Sample ಅನ್ನು ಇಲ್ಲಿ ಮಾತ್ರ Current & Below ಗೆ ಬದಲಿಸಿ, ಕಣ್ಣಿನ ಪಕ್ಕದ ಚರ್ಮ ತಂದು ಮುಚ್ಚಿ. ಮೇಲ್ರೆಪ್ಪೆಯ ಗೆರೆಯನ್ನು ಮಾತ್ರ ಪೂರ್ತಿ ತೆಗೆಯಬಾರದು. ಮೇಲಿನ ಅಂಚಿನಿಂದ ಕೆಳಕ್ಕೆ ತೆಳ್ಳಗೆ ಮಾಡುತ್ತ ಬನ್ನಿ, ರೆಪ್ಪೆಗೂದಲ ಬುಡಕ್ಕೆ ಬಂದಾಗ ನಿಲ್ಲಿಸಿ. ಬುಡಗಳೇ ಸಾಲಾಗಿ ನಿಂತು ಒಂದು ಕಪ್ಪು ಗೆರೆ ಮಾಡುತ್ತವೆ. ಅದು ಅಲ್ಲಲ್ಲಿ ತುಂಡಾಗಿ, ಒಂದೇ ದಪ್ಪವಿಲ್ಲದೆ ಇರಬೇಕು. ನಾನು ಹಿಂದೆ ಈ ಗೆರೆಯನ್ನು ಶುದ್ಧವಾಗಿ ಒರೆಸಿ ಕೊಟ್ಟ ಚಿತ್ರವೊಂದನ್ನು ನೋಡಿ, ಚಿತ್ರದಲ್ಲಿದ್ದವರು "ನನಗೆ ಜ್ವರ ಬಂದಿತ್ತಾ?" ಎಂದು ಕೇಳಿದ್ದರು. ಅವತ್ತಿನಿಂದ ಅಲ್ಲಿ ಕೈ ತಡೆಯುತ್ತದೆ.

ಕಾಡಿಗೆ ಇರುವ ಕೆಳಗಿನ ಅಂಚು ನಿಜದಲ್ಲಿ ಒದ್ದೆಯಾದ, ಮಾಸಲು ಗುಲಾಬಿ ಪಟ್ಟಿ. ಬಣ್ಣವನ್ನು ಮೂಗಿನ ಕಡೆಯ ಕಣ್ಣಿನ ಮೂಲೆಯಿಂದ ಎತ್ತಿ, Saturation ಅರ್ಧಕ್ಕೆ ಇಳಿಸಿ, Normal ಮೋಡ್‌ನಲ್ಲಿ ತೆಳ್ಳಗೆ ಎಳೆಯಿರಿ. ಅದರ ಮೇಲೆ ಎರಡು ಮೂರು ಕಡೆ ಸೂಜಿಮೊನೆಯಷ್ಟು ಬೆಳಕು ಇಡಿ. ಈ ತೇವ ಇಲ್ಲದಿದ್ದರೆ ಗುಲಾಬಿ ಪಟ್ಟಿ ಗಾಯದಂತೆ ಕಾಣುತ್ತದೆ.

ಮಸ್ಕಾರದಿಂದ ಅಂಟಿಕೊಂಡ ರೆಪ್ಪೆಗೂದಲುಗಳ ನಡುವೆ ಚರ್ಮದ ಬಣ್ಣದ ಸಣ್ಣ ಬ್ರಷ್‌ನಿಂದ ಸಂದು ಬಿಡಿಸಿ, ತುದಿಗಳನ್ನು ಕಂದಾಗಿ ತೆಳುವಾಗಿಸಿ. ಅಂಟಿಸಿದ ರೆಪ್ಪೆ ಇದ್ದರೆ ಮೂರನೇ ಒಂದು ಭಾಗ ಗಿಡ್ಡ ಮಾಡಿ ಬಿಟ್ಟುಬಿಡಿ, ಪೂರ್ತಿ ತೆಗೆದು ಹೊಸದಾಗಿ ಬರೆದ ರೆಪ್ಪೆ ನಂಬುವಂತೆ ಬರುವುದು ಅಪರೂಪ. ಹುಬ್ಬಿನಲ್ಲಿ ಪೆನ್ಸಿಲ್ ತುಂಬಿದ ಜಾಗವನ್ನು, ಮುಖ್ಯವಾಗಿ ಬಾಲದ ಕಡೆ, ಸ್ವಲ್ಪ ಬೆಳಗಿಸಿದರೆ ಸಾಕು.

## ಹಂತ 6: ರಂಧ್ರಗಳನ್ನು ಮರಳಿ ತರುವುದು

ಮೊದಲು ಚಿತ್ರವನ್ನು 100% ಗೆ ಹಿಗ್ಗಿಸಿ, ಕೆನ್ನೆಯಲ್ಲಿ ಏನಿದೆ ನೋಡಿ. ಮೂರರಲ್ಲಿ ಒಂದು ಸ್ಥಿತಿ ಇರುತ್ತದೆ.

ರಂಧ್ರ ಇದೆ, ಮಂಕಾಗಿದೆ ಎಂದಾದರೆ ನಿಮ್ಮ ಅದೃಷ್ಟ. ಫೌಂಡೇಶನ್ ಎಷ್ಟು ದಪ್ಪವಿದ್ದರೂ ಒಳ್ಳೆಯ ಕ್ಯಾಮೆರಾದ ಫೈಲಿನಲ್ಲಿ ಗುಣಿಗಳು ಒಂದಿಷ್ಟಾದರೂ ಉಳಿದಿರುತ್ತವೆ. "ಕಣ" ಲೇಯರಿಗೆ ಕ್ಲಿಪ್ ಮಾಡಿ ಒಂದು Curves ಇಟ್ಟು, ತುಸು S ಆಕಾರ ಕೊಡಿ. ಅದೇ ಹೊತ್ತಿಗೆ ಗೆರೆಗಳಲ್ಲಿ ಸೇರಿದ ಫೌಂಡೇಶನ್ ಪುಡಿಯೂ ಎದ್ದು ಬರುತ್ತದೆ. ಅದನ್ನು ಕ್ಲೋನ್ ಮಾಡಿ ತೆಗೆಯಿರಿ.

ಕೆಲವು ಕಡೆ ಮಾತ್ರ ಅಳಿಸಿದ್ದರೆ ಅದೇ ಮುಖದಿಂದ ಎರವಲು ತನ್ನಿ. "ಕಣ" ಲೇಯರಿನಲ್ಲಿ ಕ್ಲೋನ್ ಸ್ಟ್ಯಾಂಪ್, Opacity 100, Sample ಮತ್ತೆ Current Layer. Opacity ಅರ್ಧ ಇಟ್ಟರೆ ಎರಡು ಕಣಗಳು ಬೆರೆತು ಮಸುಕಾಗುತ್ತವೆ. ಕೆನ್ನೆಗೆ ಕೆನ್ನೆಯೇ ಬೇಕು. ಕುತ್ತಿಗೆಯಲ್ಲಿ ಗೆರೆಗಳಿವೆ, ಕೆನ್ನೆಯಂಥ ಗುಣಿಗಳಿಲ್ಲ. ಬಲಗೆನ್ನೆಯನ್ನು ಕನ್ನಡಿಯಂತೆ ತಿರುಗಿಸಿ ಎಡಕ್ಕೆ ಹಾಕಿದರೆ ಬೆಳಕಿನ ದಿಕ್ಕೂ ತಿರುಗುತ್ತದೆ, ಗುಣಿಗಳೆಲ್ಲ ಗುಳ್ಳೆಗಳಾಗಿ ಕಾಣುತ್ತವೆ. ಒಂದೇ ಜಾಗದಿಂದ ಪದೇಪದೇ ಎತ್ತಿದರೆ ಮೂರು ಚುಕ್ಕಿಯ ಒಂದೇ ಗುಂಪು ಅಲ್ಲಲ್ಲಿ ಮರುಕಳಿಸುತ್ತದೆ. ಕಣ್ಣು ಇದನ್ನು ಕೂಡಲೇ ಹಿಡಿಯುತ್ತದೆ.

ಬ್ಯೂಟಿ ಫಿಲ್ಟರ್ ಹಾದು ಬಂದ ಫೋಟೊದಲ್ಲಿ ಏನೂ ಉಳಿದಿರುವುದಿಲ್ಲ. ಮೂಲ ಫೈಲ್ ಕೇಳಿ. ಸಿಗದಿದ್ದರೆ ಕಣವನ್ನು ಕೃತಕವಾಗಿ ಮಾಡಬೇಕು. ಎಲ್ಲಕ್ಕೂ ಮೇಲೆ ಹೊಸ ಲೇಯರ್, 50% ಬೂದು ತುಂಬಿ, ಮೋಡ್ Soft Light. Add Noise 10%, Gaussian ಮತ್ತು Monochromatic. ಅದಕ್ಕೆ 1 ಪಿಕ್ಸೆಲ್ Gaussian Blur. ಆಮೇಲೆ Emboss: Height 2, Angle ನಿಮ್ಮ ಬೆಳಕಿನ ದಿಕ್ಕಿಗೆ. ಲೇಯರಿನ Opacity 30ಕ್ಕೆ ಇಳಿಸಿ. ಇದೇ ರೀತಿ ಇನ್ನೊಂದು ಮಾಡಿ ಎರಡು ಪಟ್ಟು ಹಿಗ್ಗಿಸಿ, ಮೂಗು ಮತ್ತು ಅದರ ಪಕ್ಕದ ಕೆನ್ನೆಗೆ ಮಾತ್ರ ಇಡಿ, ಅಲ್ಲಿ ರಂಧ್ರ ದೊಡ್ಡದು.

ಯಾವ ದಾರಿ ಹಿಡಿದರೂ ಮಾಸ್ಕ್ ಮಾಡುವುದು ಕಡ್ಡಾಯ. ರಂಧ್ರ ಒಂದು ಸಣ್ಣ ಗುಂಡಿ. ಓರೆ ಬೆಳಕು ಬಿದ್ದಾಗ ಅದರೊಳಗೆ ನೆರಳು ನಿಲ್ಲುತ್ತದೆ, ಆಗಲೇ ಅದು ಕಾಣುವುದು. ಹಾಗಾಗಿ ಬೆಳಕಿನಿಂದ ನೆರಳಿಗೆ ತಿರುಗುವ ಜಾಗದಲ್ಲಿ ಅದು ಸ್ಪಷ್ಟ, ನೇರ ಬೆಳಕಿನಲ್ಲಿ ಮಸುಕು, ಗಾಢ ನೆರಳಿನಲ್ಲಿ ಇಲ್ಲವೇ ಇಲ್ಲ. ಇಡೀ ಮುಖಕ್ಕೆ ಒಂದೇ ಸಮ ಚೆಲ್ಲಿದರೆ ಕಿತ್ತಳೆ ಸಿಪ್ಪೆಯಾಗುತ್ತದೆ. ಕಣ್ಣಿನ ಕೆಳಗೆ ರಂಧ್ರಕ್ಕಿಂತ ನವಿರಾದ ಗೆರೆಗಳು ಹೆಚ್ಚು. ತುಟಿಯ ಮೇಲೆ ರಂಧ್ರಗಳೇ ಇಲ್ಲ, ಅಲ್ಲಿ ಲಂಬ ಗೆರೆಗಳು. ಮಾಸ್ಕ್ ತುಟಿಯನ್ನು ದಾಟಿದ್ದರೆ ದೂರದಿಂದಲೇ ಏನೋ ಸರಿಯಿಲ್ಲ ಅನಿಸುತ್ತದೆ, ಏನೆಂದು ಹೇಳಲು ಮಾತ್ರ ಬರುವುದಿಲ್ಲ.

## ಹಂತ 7: ಪರೀಕ್ಷೆ ಮತ್ತು ಉಳಿಸುವುದು

ಚಿತ್ರವನ್ನು 25% ಗೆ ಕುಗ್ಗಿಸಿ ನೋಡಿ. ಈ ಗಾತ್ರದಲ್ಲಿ ರಂಧ್ರ ಕಾಣುವುದಿಲ್ಲ, ಬಣ್ಣ ಮಾತ್ರ ಕಾಣುತ್ತದೆ. ಮುಖ ಕುತ್ತಿಗೆಗೆ ಸೇರಿದ್ದೇ ಎಂದು ಕೇಳಿಕೊಳ್ಳಿ. ಆಮೇಲೆ ಅಡ್ಡಲಾಗಿ ಕನ್ನಡಿಯಂತೆ ತಿರುಗಿಸಿ. ಒಂದು ಕಣ್ಣು ಇನ್ನೊಂದಕ್ಕಿಂತ ಹೆಚ್ಚು ಬೋಳಾಗಿದ್ದರೆ ಈಗ ಗೊತ್ತಾಗುತ್ತದೆ. ಕೊನೆಗೆ ಮೇಲೆ ಒಂದು Black & White ಲೇಯರ್ ಹಾಕಿ. ಬಣ್ಣವಿಲ್ಲದಾಗಲೂ ತುಟಿ ಚರ್ಮಕ್ಕಿಂತ ಸ್ಪಷ್ಟವಾಗಿ ಕಪ್ಪಿರಬೇಕು, ಬರೆದ ಪಟ್ಟಿಗಳು ಉಳಿದಿರಬಾರದು. ನೋಡಿದ ಮೇಲೆ ಆ ಲೇಯರ್ ತೆಗೆದುಬಿಡಿ.

ನಾವು ಬ್ರಷ್‌ನಿಂದ ಬಳಿದ ಕಡೆ ಕ್ಯಾಮೆರಾದ ನಾಯ್ಸ್ ಇರುವುದಿಲ್ಲ, ಸುತ್ತಲೂ ಇರುತ್ತದೆ. ಕಾಡಿಗೆ ತೆಗೆದ ಪಟ್ಟಿ, ಬಾಲ ಅಳಿಸಿದ ಜಾಗಗಳಿಗೆ 1ರಿಂದ 2% ನಾಯ್ಸ್ ಸೇರಿಸಿ.

ಲೇಯರ್ ಇರುವ ಫೈಲನ್ನು ಬೇರೆಯಾಗಿ ಉಳಿಸಿಕೊಂಡು ನಕಲಿನ ಮೇಲೆ ಗಾತ್ರ ಕುಗ್ಗಿಸಿ. ಶಾರ್ಪನ್ ಮಾಡುವುದಿದ್ದರೆ ಕುಗ್ಗಿಸಿದ ಮೇಲೆ, ಅದೂ ಹಗುರಾಗಿ. ಮೊದಲೇ ಮಾಡಿದರೆ ನೀವು ತಂದ ರಂಧ್ರಗಳು ಕಪ್ಪು ಚುಕ್ಕಿಗಳಾಗಿ ಗಟ್ಟಿಯಾಗುತ್ತವೆ. ಫೋಟೊ ಮೊಬೈಲ್ ಪರದೆಗೆ ಮಾತ್ರ ಹೋಗುವುದಾದರೆ, 1080 ಪಿಕ್ಸೆಲ್ ಅಗಲಕ್ಕೆ ಇಳಿದಾಗ ಹಂತ 6ರ ನವಿರು ಕಣ ಬಹುಪಾಲು ಕರಗಿಹೋಗುತ್ತದೆ. ಅಂಥ ಫೋಟೊಗೆ ಮೂಗಿನ ಪಕ್ಕದ ದೊಡ್ಡ ರಂಧ್ರಗಳನ್ನು ಮಾತ್ರ ನೋಡಿಕೊಂಡು, ಉಳಿದ ಸಮಯವನ್ನು ಹಂತ 2ರ ಬಣ್ಣದ ಏರುಪೇರಿಗೂ ತುಟಿಗೂ ಕೊಡಿ.